ಮೂರೂವರೆ ಗಂಟೆಯೊಳಗಿನ ಐದು ನಿಮಿಷ

ಪ್ರಾರ್ಥನೆ, ದೀಪ ಬೆಳಗುವುದು, ವರದಿ ವಾಚನ, ಅತಿಥಿಗಳ ಭಾಷಣ, ಬಹುಮಾನ ವಿತರಣೆ, ಆಮೇಲೆ ಸಾಲುಸಾಲಾಗಿ ನೃತ್ಯಗಳು. ಶಾಲಾ ವಾರ್ಷಿಕೋತ್ಸವದ ರೆಕಾರ್ಡಿಂಗ್ ಮೂರೂವರೆ ಗಂಟೆ ಮುಟ್ಟುವುದು ಸುಲಭ. ಇದನ್ನು ಐದು ನಿಮಿಷಕ್ಕೆ ಇಳಿಸಲು ಕೂತವರು ಮೊದಲು ಮಾಡುವುದು ಭಾಗಾಕಾರ: 300 ಸೆಕೆಂಡು, 20 ಕಾರ್ಯಕ್ರಮ, ತಲಾ 15 ಸೆಕೆಂಡು. ಯಾರಿಗೂ ಅನ್ಯಾಯವಾಗದ ಈ ಹಂಚಿಕೆಯೇ ಚಿತ್ರವನ್ನು ಕೆಡಿಸುತ್ತದೆ. ತನ್ನ ಮಗು ಬಂದುಹೋದ ಮೇಲೆ ನೋಡುವವರಿಗೆ ಮುಂದೆ ಕಾಯುವಂಥದ್ದೇನೂ ಉಳಿಯುವುದಿಲ್ಲ.

ಕಾಯಿಸಬೇಕೆಂದರೆ ಒಂದು ಎಳೆ ಬೇಕು. ಅದನ್ನು ಹುಡುಕಲು ಇಡೀ ರೆಕಾರ್ಡಿಂಗನ್ನು ಒಂದೂ ಕಡೆ ಕತ್ತರಿಸದೆ ನೋಡಿ, ಮುಖದ ಭಾವ ಬದಲಾದ ಕಡೆಗಳ ಸಮಯವನ್ನು ಮಾತ್ರ ಕಾಗದದಲ್ಲಿ ಗುರುತಿಸಿಕೊಳ್ಳಬೇಕು.

ಏಳನೆಯ ತರಗತಿಯ ಡೊಳ್ಳು ಕುಣಿತವನ್ನೇ ತೆಗೆದುಕೊಳ್ಳಿ. ಸಂಜೆ ಬೆಳಕಿನಲ್ಲಿ, ವೇದಿಕೆಯ ಹಿಂದೆ ಮಕ್ಕಳು ಡೊಳ್ಳಿನ ಪಟ್ಟಿ ಬಿಗಿದುಕೊಳ್ಳುತ್ತಿದ್ದಾರೆ. ರಾತ್ರಿ ಕುಣಿತದ ನಡುವೆ ಒಬ್ಬಳ ಪಟ್ಟಿ ಸಡಿಲವಾಗಿ ಡೊಳ್ಳು ಮೊಣಕಾಲಿಗೆ ಜಾರುತ್ತದೆ. ಅವಳು ಎಡಗೈಯಲ್ಲಿ ಅದನ್ನು ಎತ್ತಿ ಹಿಡಿದು, ಬಲಗೈಯ ಕೋಲಿನಲ್ಲಿ ತಾಳ ತಪ್ಪದೆ ಬಾರಿಸುತ್ತಾಳೆ. ಕೊನೆಗೆ ಚಪ್ಪಾಳೆ. ಸಿದ್ಧತೆ, ಅಡ್ಡಿ, ದಾಟುವುದು: ಕಥೆಗೆ ಬೇಕಾದ ಮೂರೂ ಇಲ್ಲಿವೆ.

ಹಾಗಾಗಿ ಮೊದಲ 50 ಸೆಕೆಂಡು ವೇದಿಕೆಯ ಹಿಂದಿನ ಗಡಿಬಿಡಿಗೆ. ದೀಪ, ಸ್ವಾಗತ, ಮುಖ್ಯೋಪಾಧ್ಯಾಯರ ಭಾಷಣದ ಒಂದೇ ಒಂದು ವಾಕ್ಯ ಸೇರಿ 40. ಮುಂದಿನ 80 ಸೆಕೆಂಡಿನಲ್ಲಿ ಎಲ್ಲ ತರಗತಿಗಳೂ ಎರಡು ಮೂರು ಸೆಕೆಂಡಿನ ತುಣುಕುಗಳಾಗಿ ಓಡುತ್ತವೆ. ಯಾವ ತರಗತಿಯೂ ಬಿಟ್ಟುಹೋಗುವುದಿಲ್ಲ. ಡೊಳ್ಳಿಗೆ ಪೂರ್ತಿ 90. ಇಲ್ಲಿ ಹಿನ್ನೆಲೆ ಸಂಗೀತ ಬೇಡ, ಡೊಳ್ಳಿನ ಸದ್ದೇ ಇರಲಿ. ಉಳಿದ 40 ಸೆಕೆಂಡು ಚಪ್ಪಾಳೆಗೆ ಮತ್ತು ಬಣ್ಣ ಒರೆಸಿಕೊಳ್ಳುವ ಮಕ್ಕಳಿಗೆ.

ಎಡವುವ ಜಾಗಗಳೂ ಇವೆ. ಬಯಲು ವೇದಿಕೆಯಾದರೆ ಆಕಾಶದ ಬೆಳಕು ಕ್ರಮವನ್ನು ಹೇಳಿಬಿಡುತ್ತದೆ. ಕತ್ತಲಾದ ಮೇಲಿನ ದೃಶ್ಯದ ಬೆನ್ನಿಗೆ ಸಂಜೆಯದನ್ನು ಇಟ್ಟರೆ ನೋಡುವವರು ಗೊಂದಲಕ್ಕೆ ಬೀಳುತ್ತಾರೆ. ಎಲ್‌ಕೆಜಿ ನೃತ್ಯಕ್ಕೆ ಕಣ್ಣೀರಾದ ತಾಯಿಯ ಮುಖವನ್ನು ಡೊಳ್ಳಿನ ಪಕ್ಕ ಅಂಟಿಸುವುದು ಇನ್ನೂ ಕೆಟ್ಟದ್ದು. ಊರಿನಲ್ಲಿ ಯಾರ ತಾಯಿ ಯಾರೆಂದು ಎಲ್ಲರಿಗೂ ಗೊತ್ತು. ಕ್ಯಾಮೆರಾ ವೇದಿಕೆ ಬಿಟ್ಟು ಅಲುಗಾಡದೇ ಇದ್ದರೆ ತೆರೆಮರೆಯ ದೃಶ್ಯ ಇರುವುದೇ ಇಲ್ಲ. ಆಗ ಕಥೆಯನ್ನು ವೇದಿಕೆಯ ಮೇಲಿನಿಂದಲೇ ಹುಡುಕಬೇಕು.

ಜಾರಿದ ಡೊಳ್ಳನ್ನು ತೋರಿಸುವ ಮುನ್ನ ಆ ಹುಡುಗಿಯನ್ನೂ ಅವಳ ಮನೆಯವರನ್ನೂ ಕೇಳಲೇಬೇಕು. ಅವಳು ಬೇಡವೆಂದರೆ ಬೇರೆ ಎಳೆ ಹುಡುಕಿ. ಭಾಷಣ, ಬಹುಮಾನಗಳನ್ನು ಪೂರ್ತಿ ನೋಡಬಯಸುವವರಿಗೆ ಮೂಲ ರೆಕಾರ್ಡಿಂಗನ್ನು ಪೆನ್‌ಡ್ರೈವ್‌ನಲ್ಲಿ ಬೇರೆಯಾಗಿ ಕೊಡಿ.