ಗುಡ್ಡೆ ಮಣ್ಣಿಗೆ ಎಷ್ಟು ಟ್ರಿಪ್ಪು?

ಟ್ರ್ಯಾಕ್ಟರಿನಲ್ಲಿ ಮಣ್ಣು ಹೊಡೆಸುವ ಲೆಕ್ಕವು ಮೂಲದಲ್ಲಿ ಒಂದು ಭಾಗಾಕಾರ, ಅಷ್ಟೆ. ಸಾಗಿಸಬೇಕಾದ ಮಣ್ಣಿನ ಗಾತ್ರವನ್ನು ಟ್ರಾಲಿಯ ಗಾತ್ರದಿಂದ ಭಾಗಿಸಿದರೆ ಟ್ರಿಪ್ಪುಗಳು ಸಿಗುತ್ತವೆ. ಶೇಷ ಉಳಿದರೆ ಅದಕ್ಕೂ ಒಂದು ಟ್ರಿಪ್ಪು ಬೇಕು. ಲೆಕ್ಕ ದಾರಿ ತಪ್ಪುವುದು ಭಾಗಿಸುವಾಗ ಅಲ್ಲ, ಅದಕ್ಕೂ ಮೊದಲು ಟೇಪು ಹಿಡಿದು ಅಳೆಯುವಾಗ.

ಟ್ರಾಲಿಯಿಂದಲೇ ಶುರು ಮಾಡಬೇಕು. ಊರೂರಿನ ವರ್ಕ್‌ಶಾಪುಗಳಲ್ಲಿ ಮಾಡಿಸಿದ ಟ್ರಾಲಿಗಳ ಅಳತೆ ಒಂದೇ ಸಮ ಇರುವುದಿಲ್ಲ. ಹಾಗಾಗಿ ಮಾಲೀಕ ಹೇಳಿದ ಅಳತೆ ನಂಬುವ ಬದಲು ಟೇಪು ಹಿಡಿಯುವುದೇ ಸರಿ. ಅದೂ ಒಳಗಿನಿಂದ: ಮುಂದಿನ ತಗಡಿನಿಂದ ಹಿಂದಿನ ಬಾಗಿಲಿನವರೆಗೆ ಉದ್ದ, ಎರಡು ಪಕ್ಕದ ತಗಡುಗಳ ನಡುವೆ ಅಗಲ, ತಳದಿಂದ ಅಂಚಿನವರೆಗೆ ಎತ್ತರ. ಹೊರಗಿನಿಂದ ಅಳೆದರೆ ಚೌಕಟ್ಟಿನ ಕಬ್ಬಿಣವೂ ಮಣ್ಣಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಒಳಗೆ 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರ ಇದ್ದರೆ ಅಂಚಿಗೆ ಸಮನಾಗಿ ತುಂಬಿದಾಗ 120 ಘನ ಅಡಿ ಮಣ್ಣು ಹಿಡಿಯುತ್ತದೆ. ಉತ್ತರ ಕರ್ನಾಟಕದ ಕಡೆ 100 ಘನ ಅಡಿಗೆ ಒಂದು ಬ್ರಾಸ್ ಎನ್ನುತ್ತಾರೆ. ಆ ಲೆಕ್ಕದಲ್ಲಿ ಇದು ಒಂದೂಕಾಲು ಬ್ರಾಸಿಗೆ ಸ್ವಲ್ಪ ಕಡಿಮೆ.

ಅಂಚಿನ ಮೇಲೆ ಒಂದು ಅಡಿ ಗುಪ್ಪೆಯಾಗಿ ಏರಿಸಿದರೆ ಅರ್ಧ ಪಟ್ಟು ಹೆಚ್ಚು ಮಣ್ಣು ಬಂತು ಎಂದು ಹಲವರು ಎಣಿಸುತ್ತಾರೆ. ನಿಜಕ್ಕೂ ಅಷ್ಟು ಬರುವುದಿಲ್ಲ. ಗುಪ್ಪೆಯ ಒಂದು ಅಡಿ ಎತ್ತರ ನಡುವಿನ ಏಣಿನಲ್ಲಿ ಮಾತ್ರ, ನಾಲ್ಕೂ ಕಡೆ ಅದು ಇಳಿಜಾರಾಗಿ ಅಂಚು ಮುಟ್ಟುತ್ತದೆ. 10 ಅಡಿ, 6 ಅಡಿಯ ಟ್ರಾಲಿಯ ಮೇಲೆ ಹೀಗೆ ಏರಿಸಿದ ಮಣ್ಣು ಸುಮಾರು 24 ಘನ ಅಡಿ, 60 ಅಲ್ಲ. ದಾರಿ ಕುಲುಕುವಂತಿದ್ದರೆ ಅದರಲ್ಲೂ ಒಂದಿಷ್ಟು ಕೆಳಗೆ ಬೀಳುತ್ತದೆ. ಆದ್ದರಿಂದ ಅಂಚಿಗೆ ಸಮನಾದ 120 ಘನ ಅಡಿಯನ್ನೇ ಹಿಡಿಯುವುದು ಕ್ಷೇಮ.

ಇನ್ನು ಗುಡ್ಡೆ. ಮೇಲಿನಿಂದ ಸುರಿದ ಮಣ್ಣು ತಾನಾಗಿ ಶಂಕುವಿನ ಆಕಾರ ತಾಳುತ್ತದೆ. ಅದರ ನಡುವಿಗೆ ಟೇಪು ತೂರಿಸಿ ತ್ರಿಜ್ಯ ಅಳೆಯಲು ಆಗದು, ಆದರೆ ಬುಡದ ಸುತ್ತ ಟೇಪು ಎಳೆಯಬಹುದು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಎತ್ತರದಿಂದ ಗುಣಿಸಿ, 37.7ರಿಂದ ಭಾಗಿಸಿದರೆ ಗುಡ್ಡೆಯ ಗಾತ್ರ ಸಿಗುತ್ತದೆ. ಬುಡದ ಸುತ್ತಳತೆ 66 ಅಡಿ, ಎತ್ತರ 6 ಅಡಿ ಇದ್ದರೆ ಗಾತ್ರ ಸುಮಾರು 693 ಘನ ಅಡಿ. ಇದನ್ನು 120ರಿಂದ ಭಾಗಿಸಿದರೆ 5.8, ಅಂದರೆ 6 ಟ್ರಿಪ್ಪು.

ಇಲ್ಲಿ ಎತ್ತರ ಎಂದರೆ ನೆಟ್ಟಗಿನ ಎತ್ತರ. ಗುಡ್ಡೆಯ ನೆತ್ತಿಯಲ್ಲಿ ದಾರದ ಒಂದು ತುದಿ ಊರಿ, ಇನ್ನೊಂದು ತುದಿಯನ್ನು ಬುಡದ ಆಚೆ ನಿಲ್ಲಿಸಿದ ಕೋಲಿಗೆ ಮಟ್ಟವಾಗಿ ಕಟ್ಟಿ, ಆ ಗಂಟಿನಿಂದ ನೆಲದವರೆಗೆ ಅಳೆಯಬೇಕು. ಇದರ ಬದಲು ಟೇಪನ್ನು ಇಳಿಜಾರಿನ ಮೇಲೆಯೇ ಹಾಸಿದರೆ ಇದೇ ಗುಡ್ಡೆಯಲ್ಲಿ 12 ಅಡಿ ತೋರಿಸುತ್ತದೆ. ಗಾತ್ರ ದುಪ್ಪಟ್ಟಾಗಿ, 6 ಟ್ರಿಪ್ಪಿನ ಮಣ್ಣಿಗೆ 12 ಟ್ರಿಪ್ಪಿನ ಅಂದಾಜು ಬರುತ್ತದೆ. ಜೆಸಿಬಿ ಉದ್ದಕ್ಕೆ ಬದುವಿನಂತೆ ಸುರಿದ ರಾಶಿಗೆ ಲೆಕ್ಕ ಬೇರೆ: ಬುಡದ ಅಗಲವನ್ನು ಎತ್ತರದಿಂದ ಗುಣಿಸಿ ಅರ್ಧ ಮಾಡಿ, ಉದ್ದದಿಂದ ಗುಣಿಸಿದರೆ ಸಾಕು. ಎರಡು ತುದಿ ಇಳಿಜಾರಾಗಿರುವುದರಿಂದ ಉತ್ತರ ತುಸು ಹೆಚ್ಚೇ ಬರುತ್ತದೆ.

ಗುಡ್ಡೆಗಿಂತ ಹೆಚ್ಚು ಮೋಸ ಮಾಡುವುದು ಇನ್ನೂ ಅಗೆಯದ ಮಣ್ಣು. ಬೇಸಿಗೆಯಲ್ಲಿ ಬತ್ತಿದ ಕೆರೆಯಿಂದ ಹೂಳು ತೆಗೆದು ಹೊಲಕ್ಕೆ ಹೊಡೆಸುವವರು 20 ಅಡಿ ಉದ್ದ, 15 ಅಡಿ ಅಗಲ, 2 ಅಡಿ ಆಳದ ಜಾಗ ಗುರುತಿಸಿದರು ಎನ್ನೋಣ. ಗುಂಡಿಯ ಗಾತ್ರ 600 ಘನ ಅಡಿ, 5 ಟ್ರಿಪ್ಪು ಎಂದು ಬಾಯಿಲೆಕ್ಕ ಹೇಳುತ್ತದೆ. ಆದರೆ ನೆಲದಲ್ಲಿ ಒತ್ತಿಕೊಂಡಿದ್ದ ಹೂಳು ಅಗೆದೊಡನೆ ಹೆಂಟೆ ಹೆಂಟೆಯಾಗಿ ಸಡಿಲಗೊಳ್ಳುತ್ತದೆ, ಹೆಂಟೆಗಳ ನಡುವೆ ಗಾಳಿ ಸೇರಿ ಉಬ್ಬುತ್ತದೆ. ಸಾಮಾನ್ಯ ಮಣ್ಣು ಕಾಲು ಭಾಗದಷ್ಟು, ಜೇಡಿ ಹೆಚ್ಚಿರುವ ಹೂಳು ಅದಕ್ಕಿಂತ ತುಸು ಹೆಚ್ಚು ಉಬ್ಬುತ್ತದೆ. ಶೇಕಡಾ 30 ಎಂದು ಹಿಡಿದರೆ 600 ಘನ ಅಡಿಯ ಗುಂಡಿಯಿಂದ 780 ಘನ ಅಡಿ ಸಡಿಲ ಮಣ್ಣು ಹೊರಬೀಳುತ್ತದೆ. ಟ್ರಾಲಿಗೆ ತುಂಬುವುದು ಈ ಸಡಿಲ ಮಣ್ಣನ್ನೇ ಆದ್ದರಿಂದ ಭಾಗಿಸಬೇಕಾದದ್ದು 780ನ್ನು, ಉತ್ತರ 6.5, ಅಂದರೆ 7 ಟ್ರಿಪ್ಪು. ಗುಂಡಿ ನೋಡಿ 5 ಟ್ರಿಪ್ಪಿಗೆ ಮಾತಾಡಿದವರಿಗೂ ಟ್ರ್ಯಾಕ್ಟರಿನವರಿಗೂ ಜಗಳ ಹತ್ತುವುದು ಈ ಎರಡು ಟ್ರಿಪ್ಪಿನ ಮೇಲೆಯೇ. ವಾಸ್ತವದಲ್ಲಿ ಇಬ್ಬರೂ ಸುಳ್ಳು ಹೇಳಿರುವುದಿಲ್ಲ. ಗುಡ್ಡೆ ಅಳೆದಾಗ ಮಾತ್ರ ಈ ಉಬ್ಬನ್ನು ಮತ್ತೆ ಸೇರಿಸಬಾರದು, ಅದು ಆಗಲೇ ಉಬ್ಬಿರುತ್ತದೆ.

ಹೂಳು ಹಸಿಯಾಗಿದ್ದರೆ ಗಾತ್ರದ ಲೆಕ್ಕವೂ ಸಾಲದು. ಒಣ ಸಡಿಲ ಮಣ್ಣು ಘನ ಅಡಿಗೆ ಸುಮಾರು 35ರಿಂದ 40 ಕಿಲೋ ತೂಗುತ್ತದೆ, ನೀರು ಕುಡಿದ ಹೂಳು 48 ಕಿಲೋ ಆಸುಪಾಸು. 120 ಘನ ಅಡಿ ಒಣ ಮಣ್ಣು ನಾಲ್ಕೂವರೆ ಟನ್ನಿನ ಸುತ್ತ ನಿಂತರೆ, ಹಸಿ ಹೂಳು ಐದೂಮುಕ್ಕಾಲು ಟನ್ನಿಗೆ ಹೋಗುತ್ತದೆ. 5 ಟನ್ನಿನ ಟ್ರಾಲಿಯಾದರೆ 104 ಘನ ಅಡಿಗೇ ನಿಲ್ಲಿಸಬೇಕು. ಆಗ 780 ಘನ ಅಡಿಗೆ 8 ಟ್ರಿಪ್ಪು ಬೇಕಾಗುತ್ತದೆ. ಟಯರು ಅಪ್ಪಚ್ಚಿಯಾಗಿ ಕಾಣುವುದು, ಏರು ಬಂದಾಗ ಟ್ರ್ಯಾಕ್ಟರಿನ ಮುಂದಿನ ಗಾಲಿ ಹಗುರಾಗುವುದು ತೂಕ ಮೀರಿದ ಗುರುತು.

ಹೊಲದ ಕಡೆಯಿಂದಲೂ ಇದೇ ಲೆಕ್ಕ ಹಾಕಬಹುದು. ಒಂದು ಎಕರೆ ಎಂದರೆ 43,560 ಚದರ ಅಡಿ. ಅದರ ಮೇಲೆ ಒಂದೇ ಒಂದು ಅಂಗುಲ ಹೂಳು ಹರಡಲು 3,630 ಘನ ಅಡಿ ಸಡಿಲ ಮಣ್ಣು ಬೇಕು, ಅಂದರೆ 31 ಟ್ರಿಪ್ಪು. ಹತ್ತು ಟ್ರಿಪ್ಪು ಹೂಳು ಹೊಡೆಸಿದರೆ ಎಕರೆಗೆ ಬೀಳುವುದು ಅಂಗುಲದ ಮೂರನೇ ಒಂದು ಭಾಗ.

ಕಬ್ಬಿಗೆ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. ಕಾರ್ಖಾನೆ ಕೊಳ್ಳುವುದು ತೂಕಕ್ಕೆ. ಕಬ್ಬಿನ ಜಲ್ಲೆಗಳ ನಡುವೆ ಉಳಿಯುವ ಸಂದು, ಪೇರಿಸುವವರ ಕೈ, ಜಲ್ಲೆ ನೆಟ್ಟಗಿದೆಯೋ ಬಾಗಿದೆಯೋ ಎಂಬುದರ ಮೇಲೆ ಬದಲಾಗುವುದರಿಂದ ಗಾತ್ರವೊಂದೇ ಏನೂ ಹೇಳದು. ಮೊದಲ ಲೋಡಿನ ತೂಕದ ಚೀಟಿಯನ್ನೇ ಅಳತೆಗೋಲು ಮಾಡಿಕೊಳ್ಳುವುದು ಒಳ್ಳೆಯದು. 12 ಅಡಿ ಉದ್ದ, ಆರೂವರೆ ಅಡಿ ಅಗಲದ ಟ್ರಾಲಿಯಲ್ಲಿ 7 ಅಡಿ ಎತ್ತರ ಪೇರಿಸಿದ ಕಬ್ಬು 546 ಘನ ಅಡಿ. ಖಾಲಿ ಟ್ರಾಲಿಯ ತೂಕ ಕಳೆದು ಚೀಟಿಯಲ್ಲಿ 6 ಟನ್ ಬಂದಿದ್ದರೆ ಘನ ಅಡಿಗೆ 11 ಕಿಲೋ ಆಯಿತು. ಅದೇ ಕೈಯಾಳುಗಳು ಅದೇ ಹೊಲದ ಕಬ್ಬು ಪೇರಿಸುವವರೆಗೆ ಈ ಅಂಕಿ ನಂಬಬಹುದು.

ಉಳಿದದ್ದು ಹೊಲದಲ್ಲಿ ಎಷ್ಟು ಟನ್ ಇದೆ ಎಂಬುದು. 10 ಅಡಿ ಉದ್ದ, 10 ಅಡಿ ಅಗಲದ ಮೂರು ನಾಲ್ಕು ಕಡೆ ಜಲ್ಲೆ ಎಣಿಸಿ ಸರಾಸರಿ ತೆಗೆಯಬೇಕು. 92 ಜಲ್ಲೆ ಬಂದರೆ ಎಕರೆಗೆ ಸುಮಾರು 40,000. ಸೋಗೆ, ರವದಿ ತೆಗೆದ ಜಲ್ಲೆ ಸರಾಸರಿ ಒಂದು ಕಿಲೋ ತೂಗಿದರೆ 40 ಟನ್. ಇದನ್ನು 6ರಿಂದ ಭಾಗಿಸಿದರೆ 6.7, ಅಂದರೆ 7 ಲೋಡು. ಹೊಲದ ಅಂಚಿನಲ್ಲಿ ಬೆಳೆ ದಟ್ಟ, ನಡುವೆ ತೆಳು ಇರುವುದು ಸಾಮಾನ್ಯ. ಅಂಚಿನಲ್ಲಷ್ಟೇ ಎಣಿಸಿದರೆ ಲೋಡು ಹೆಚ್ಚು ತೋರುತ್ತದೆ. ಕಡಿದ ಕಬ್ಬು ಸರದಿಯಲ್ಲಿ ನಿಂತಷ್ಟೂ ಒಣಗಿ ತೂಕ ಇಳಿಯುವುದರಿಂದ, ಏಳನೇ ಲೋಡಿಗೆ ಗಾಡಿ ಸಿಗುವುದು ಖಾತ್ರಿಯಾಗುವವರೆಗೆ ಆ ಕೊನೆಯ ಭಾಗವನ್ನು ಕಡಿಸದಿರುವುದೇ ಲೇಸು.