ಎಡಿಟರ್ ಕೈಗೆ ಕೊಡುವ ಒಂದು ಪುಟ

“ಸಖತ್ತಾಗಿರಬೇಕು, ಪ್ರೀಮಿಯಂ ಲುಕ್ ಬರಬೇಕು, ಯಂಗ್‌ಸ್ಟರ್ಸ್‌ಗೆ ಇಷ್ಟ ಆಗಬೇಕು.” ಜಾಹೀರಾತಿನ ವಿಡಿಯೊ ಎಡಿಟ್ ಮಾಡುವವರಿಗೆ ಎಷ್ಟೋ ಸಲ ಸಿಗುವುದು ವಾಟ್ಸ್‌ಆ್ಯಪ್‌ನ ಇಷ್ಟೇ ಮಾತು. ಮಾಲು ಯಾರಿಗೆ, ಅದರಲ್ಲೇನು ವಿಶೇಷ, ವಿಡಿಯೊ ನೋಡಿದವರು ಮುಂದೇನು ಮಾಡಬೇಕು ಎಂಬುದು ಇದರಲ್ಲಿಲ್ಲ. ಎಡಿಟರ್ ಊಹೆ ಮಾಡಿ ಕತ್ತರಿಸುತ್ತಾರೆ, ಮಾಲೀಕರು “ಏನೋ ಮಿಸ್ ಆಗ್ತಿದೆ” ಎನ್ನುತ್ತಾರೆ, ತಿದ್ದುಪಡಿ ಶುರುವಾಗುತ್ತದೆ.

2021ರಲ್ಲಿ ಪ್ರಕಟವಾದ ‘ಬೆಟರ್‌ಬ್ರೀಫ್ಸ್’ ಎಂಬ ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ ಮಾರ್ಕೆಟಿಂಗ್‌ನವರ ಪೈಕಿ ಶೇ 80ರಷ್ಟು ಮಂದಿ ತಾವು ಚೆನ್ನಾಗಿ ಬ್ರೀಫ್ ಬರೆಯುತ್ತೇವೆ ಎಂದಿದ್ದರು. ಅದನ್ನು ಒಪ್ಪಿದ ಏಜೆನ್ಸಿಯವರು ಶೇ 10 ಮಾತ್ರ. ಕೆಟ್ಟ ಬ್ರೀಫ್‌ನಿಂದ ಬಜೆಟ್‌ನ ಮೂರನೇ ಒಂದು ಭಾಗ ಪೋಲಾಗುತ್ತದೆ ಎಂಬುದು ಅದರಲ್ಲಿ ಭಾಗವಹಿಸಿದವರ ಅಂದಾಜು.

ಹಾಗಾದರೆ ಒಳ್ಳೆಯ ಬ್ರೀಫ್ ಹೇಗಿರುತ್ತದೆ? ಬೆಂಗಳೂರಿನಲ್ಲಿ ಫಿಲ್ಟರ್ ಕಾಫಿಪುಡಿ ಮಾರುವ ಸಣ್ಣ ಅಂಗಡಿಯೊಂದನ್ನು ಊಹಿಸಿಕೊಳ್ಳಿ. ಮೊದಲ ಸಾಲು ಗಿರಾಕಿಯದು: ಮನೆಯಲ್ಲಿ ದಿನಾ ಫಿಲ್ಟರ್ ಕಾಫಿ ಮಾಡುವ, ಆದರೆ ಸೂಪರ್ ಮಾರ್ಕೆಟ್ಟಿನ ಪ್ಯಾಕೆಟ್ ತರುವವರು. “ಕಾಫಿ ಪ್ರಿಯರೆಲ್ಲ” ಎಂದು ಬರೆದರೆ ಯಾರಿಗೂ ಹೇಳಿದಂತಾಗುವುದಿಲ್ಲ. 1993ರಲ್ಲಿ ಕ್ಯಾಲಿಫೋರ್ನಿಯಾದ ಹಾಲು ಮಂಡಳಿಗಾಗಿ ಮಾಡಿದ ಪ್ರಖ್ಯಾತ ‘ಗಾಟ್ ಮಿಲ್ಕ್?’ ಜಾಹೀರಾತು ಕೂಡ ಹಾಲು ಕುಡಿಯದವರ ಬೆನ್ನು ಹತ್ತಲಿಲ್ಲ. ಈಗಾಗಲೇ ಕುಡಿಯುವವರಿಗೆ, ತಿಂಡಿ ಬಾಯಲ್ಲಿರುವಾಗ ಹಾಲು ಖಾಲಿಯಾದರೆ ಹೇಗಿರುತ್ತದೆ ಎಂಬುದನ್ನು ತೋರಿಸಿತು.

ಎರಡನೆಯದು ಒಂದೇ ಒಂದು ಮಾತು: “ಆರ್ಡರ್ ಬಂದ ದಿನವೇ ಹುರಿದು ಪುಡಿ ಮಾಡುತ್ತೇವೆ.” ಜೊತೆಗೆ ಅದಕ್ಕೆ ಪುರಾವೆ: ಹುರಿಯುವ ಯಂತ್ರದ ಶಾಟ್, ಪ್ಯಾಕೆಟ್ ಮೇಲೆ ಒತ್ತಿದ ದಿನಾಂಕದ ಕ್ಲೋಸಪ್. ಬೆಲೆ, ಪರಂಪರೆ, ರಿಯಾಯಿತಿ ಎಲ್ಲವನ್ನೂ 15 ಸೆಕೆಂಡಿಗೆ ತುರುಕಿದರೆ ಒಂದೂ ನಿಲ್ಲದು. ಮೂರನೆಯದು, ನೋಡಿದವರು ಮಾಡಬೇಕಾದದ್ದು: ವಾಟ್ಸ್‌ಆ್ಯಪ್‌ನಲ್ಲಿ ಕಾಲು ಕಿಲೋ ಆರ್ಡರ್.

ಇನ್ನುಳಿದದ್ದು ಲೆಕ್ಕಾಚಾರ. ರೀಲ್ಸ್‌ಗಾದರೆ 9:16, ಅಂದರೆ 1080×1920 ಅಳತೆ. ಸದ್ದು ಆಫ್ ಮಾಡಿ ನೋಡುವವರಿಗಾಗಿ ಪರದೆ ಮೇಲೆ ಅಕ್ಷರ. ಕೆಳಭಾಗವನ್ನು ಖಾತೆಯ ಹೆಸರು, ಬಟನ್ ಮುಚ್ಚುವುದರಿಂದ ಬೆಲೆ ಅಲ್ಲಿ ಬೇಡ. ಈ ಮಾತನ್ನು ಶೂಟಿಂಗ್‌ಗೆ ಮೊದಲೇ ಹೇಳಬೇಕು. ಅಡ್ಡಡ್ಡ ತೆಗೆದ ಶಾಟನ್ನು ಉದ್ದಕ್ಕೆ ಕತ್ತರಿಸಿದಾಗ ಪ್ಯಾಕೆಟ್‌ನ ಹೆಸರೇ ಫ್ರೇಮಿನಿಂದ ಆಚೆ ಹೋಗಿರುತ್ತದೆ, ಮತ್ತೆ ಶೂಟಿಂಗ್ ಖರ್ಚು. ಒಪ್ಪಿಗೆ ಕೊಡುವವರು ಯಾರು ಎಂಬುದನ್ನೂ ಬರೆಯಬೇಕು, ಅದೂ ಒಬ್ಬರದೇ ಹೆಸರು.

ದೊಡ್ಡ ನಷ್ಟ ಆಗುವುದು ಜಾಹೀರಾತು ಓಡತೊಡಗಿದ ಮೇಲೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾದ ವ್ಯವಸ್ಥೆ, ಜಾಹೀರಾತನ್ನು ಯಾರಿಗೆ ತೋರಿಸಬೇಕೆಂದು ಕಲಿಯಲು ಸಾಮಾನ್ಯವಾಗಿ ವಾರಕ್ಕೆ ಸುಮಾರು 50 ಫಲಿತಾಂಶ ಬೇಡುತ್ತದೆ. ನಡುವೆ ವಿಡಿಯೊ ಬದಲಿಸಿದರೆ ಕಲಿಕೆ ಮತ್ತೆ ಮೊದಲಿನಿಂದ ಶುರು. ಸಣ್ಣ ಬಜೆಟ್ಟಿನವರು ನಾಲ್ಕು ದಿನಕ್ಕೊಮ್ಮೆ ವಿಡಿಯೊ ಬದಲಿಸುತ್ತಿದ್ದರೆ ಕಲಿಕೆಯ ಹಂತ ದಾಟುವ ಮೊದಲೇ ಹಣ ಮುಗಿದಿರುತ್ತದೆ.

ಹಾಗಾಗಿ ಮೊದಲ ಕಟ್ ಬಂದಾಗ “ಇಷ್ಟ ಆಯ್ತಾ?” ಎಂದು ಮನೆಮಂದಿಯನ್ನೆಲ್ಲ ಕೇಳುವ ಬದಲು, ಬ್ರೀಫ್ ಪಕ್ಕದಲ್ಲಿಟ್ಟುಕೊಂಡು ನೋಡಿ. ಹುರಿದ ದಿನಾಂಕ ಕಾಣುತ್ತಿಲ್ಲವಾದರೆ ಅದನ್ನೇ ಎಡಿಟರ್‌ಗೆ ಹೇಳಿ.