ಗರ್ಭ ನಿಲ್ಲಲು ಬೇಕಾದ ದಿನಗಳು

ಮುಟ್ಟಿನ ಲೆಕ್ಕ ಕೇಳಿದರೆ ಹೆಚ್ಚಿನ ಹೆಣ್ಣುಮಕ್ಕಳು ಒಂದೇ ಸಂಖ್ಯೆ ಹೇಳುತ್ತಾರೆ: 26 ದಿನ, 28 ದಿನ, 32 ದಿನ. ಈ ತಿಂಗಳ ಮುಟ್ಟಿನಿಂದ ಮುಂದಿನ ಮುಟ್ಟಿನವರೆಗಿನ ಅಂತರ ಅದು. ಗರ್ಭ ಕಟ್ಟುವ ವಿಷಯದಲ್ಲಿ ಮಾತ್ರ ಈ ಒಂದು ಸಂಖ್ಯೆ ಸಾಲದು. ಅದರೊಳಗೆ ಎರಡು ಬೇರೆ ಬೇರೆ ಕಾಲಗಳಿವೆ. ಮುಟ್ಟಿನ ಮೊದಲ ದಿನದಿಂದ ಅಂಡ ಬಿಡುಗಡೆಯಾಗುವವರೆಗೆ ಒಂದು, ಅಂಡ ಬಿಡುಗಡೆಯಾದ ಮರುದಿನದಿಂದ ಮುಂದಿನ ಮುಟ್ಟಿನ ಹಿಂದಿನ ದಿನದವರೆಗೆ ಇನ್ನೊಂದು. ಮೊದಲನೆಯದು ಹಿಗ್ಗುತ್ತದೆ, ಕುಗ್ಗುತ್ತದೆ. ಜ್ವರ, ಪ್ರಯಾಣ, ನಿದ್ದೆಗೆಟ್ಟ ವಾರ, ಏನೋ ಒಂದು ಕಾರಣಕ್ಕೆ ಅಂಡದ ಬಿಡುಗಡೆ ತಡವಾದರೆ ಮುಟ್ಟೂ ಅಷ್ಟೇ ತಡವಾಗುತ್ತದೆ. ಎರಡನೆಯದು ಅಷ್ಟೊಂದು ಬದಲಾಗುವುದಿಲ್ಲ. ಬಹುಪಾಲು ಮಹಿಳೆಯರಲ್ಲಿ ಅದು 12ರಿಂದ 14 ದಿನ. ವೈದ್ಯರು ಇದನ್ನು ಲ್ಯೂಟಿಯಲ್ ಹಂತ ಎನ್ನುತ್ತಾರೆ. ಅದು 10 ದಿನ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಚಿಕ್ಕದು ಎಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ.

ಎರಡು ಮೂರು ದಿನಗಳ ಈ ವ್ಯತ್ಯಾಸ ಯಾಕೆ ಮುಖ್ಯ ಎಂದು ತಿಳಿಯಲು ಅಂಡ ಹೊರಟುಹೋದ ಮೇಲೆ ಅಂಡಾಶಯದಲ್ಲಿ ಏನಾಗುತ್ತದೆ ಎಂದು ನೋಡಬೇಕು. ಅಂಡ ಬೆಳೆದ ಚಿಕ್ಕ ಕೋಶ ಒಡೆದು ಖಾಲಿಯಾದ ಮೇಲೆ ವ್ಯರ್ಥವಾಗುವುದಿಲ್ಲ. ಅದರ ಗೋಡೆಯ ಜೀವಕೋಶಗಳು ಕೊಬ್ಬು ತುಂಬಿಕೊಂಡು, ಹಳದಿ ಬಣ್ಣಕ್ಕೆ ತಿರುಗಿ, ಹೊಸದೊಂದು ಗ್ರಂಥಿಯೇ ಆಗುತ್ತವೆ. ಕಾರ್ಪಸ್ ಲ್ಯೂಟಿಯಂ ಎಂಬ ಈ ಗ್ರಂಥಿಯ ಮುಖ್ಯ ಕೆಲಸ ಪ್ರೊಜೆಸ್ಟರಾನ್ ಹಾರ್ಮೋನನ್ನು ತಯಾರಿಸುವುದು. ಗರ್ಭಕೋಶದ ಒಳಪದರವನ್ನು ಭ್ರೂಣ ಕೂರುವಂತೆ ಹದಗೊಳಿಸುವುದು, ಅಲ್ಲಿನ ಗ್ರಂಥಿಗಳಲ್ಲಿ ಪೋಷಕ ದ್ರವ ಸುರಿಯುವಂತೆ ಮಾಡುವುದು, ಗರ್ಭಕೋಶದ ಸ್ನಾಯು ಹಿಂಡದಂತೆ ಶಾಂತವಾಗಿಡುವುದು, ಎಲ್ಲವೂ ಪ್ರೊಜೆಸ್ಟರಾನಿನ ಕೆಲಸ. ಆದರೆ ಈ ಹಳದಿ ಗ್ರಂಥಿಯ ಆಯುಷ್ಯ ಹೆಚ್ಚೆಂದರೆ ಎರಡು ವಾರ. ಗರ್ಭ ನಿಂತಿದೆ ಎಂಬ ಸುದ್ದಿ ಬರದಿದ್ದರೆ ಅದು ಸೊರಗುತ್ತದೆ. ಪ್ರೊಜೆಸ್ಟರಾನ್ ಇಳಿಯುತ್ತದೆ, ಆಸರೆ ತಪ್ಪಿದ ಒಳಪದರ ಕಳಚಿ ಮುಟ್ಟಾಗುತ್ತದೆ.

ಸುದ್ದಿ ಕಳಿಸಬೇಕಾದದ್ದು ಭ್ರೂಣ. ಅದಕ್ಕೆ ಅದರದೇ ಪ್ರಯಾಣವಿದೆ. ಅಂಡನಾಳದಲ್ಲಿ ವೀರ್ಯಾಣು ಸೇರಿ ಭ್ರೂಣವಾದ ಮೇಲೆ ಗರ್ಭಕೋಶ ತಲುಪಲು ನಾಲ್ಕೈದು ದಿನ ಬೇಕು. ಆಮೇಲೆ ಅದು ತನ್ನ ಹೊರಕವಚ ಕಳಚಿಕೊಂಡು ಒಳಪದರಕ್ಕೆ ಅಂಟಬೇಕು, ಬೇರೂರಬೇಕು. ಬೇರೂರಲು ತೊಡಗಿದಾಗಲೇ ಎಚ್‌ಸಿಜಿ ಹಾರ್ಮೋನ್ ತಾಯಿಯ ರಕ್ತಕ್ಕೆ ಸೇರುತ್ತದೆ. ಮನೆಯಲ್ಲಿ ಮೂತ್ರಪರೀಕ್ಷೆ ಮಾಡಿದಾಗ ಎರಡು ಗೆರೆ ಮೂಡಿಸುವುದು ಇದೇ ಹಾರ್ಮೋನ್. ಹಳದಿ ಗ್ರಂಥಿಯನ್ನು ಮೊದಲಿನಿಂದ ನಡೆಸಿಕೊಂಡು ಬಂದದ್ದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಎಲ್‌ಎಚ್ ಹಾರ್ಮೋನ್. ಎಚ್‌ಸಿಜಿಯ ರಚನೆ ಅದಕ್ಕೆ ತೀರಾ ಹತ್ತಿರ. ಹಾಗಾಗಿ ಅದು ಎಲ್‌ಎಚ್‌ನ ಜಾಗದಲ್ಲೇ ಕೂತು, ಸೊರಗಲಿರುವ ಗ್ರಂಥಿಗೆ ಮರುಜೀವ ಕೊಡುತ್ತದೆ.

ಭ್ರೂಣ ಯಾವ ದಿನ ಅಂಟುತ್ತದೆ ಎಂಬುದನ್ನು ಅಮೆರಿಕದ ಅಲೆನ್ ವಿಲ್ಕಾಕ್ಸ್ ಮತ್ತು ಸಂಗಡಿಗರು ನೇರವಾಗಿ ಅಳೆದು 1999ರಲ್ಲಿ ಪ್ರಕಟಿಸಿದರು. ಗರ್ಭಕ್ಕಾಗಿ ಪ್ರಯತ್ನಿಸುತ್ತಿದ್ದ ಮಹಿಳೆಯರು ಪ್ರತಿದಿನ ಮೂತ್ರದ ಮಾದರಿ ಕೊಟ್ಟಿದ್ದರು. ಅದರಲ್ಲಿ ಎಚ್‌ಸಿಜಿ ಮೊದಲು ಕಾಣಿಸಿಕೊಂಡ ದಿನವನ್ನು ಗುರುತಿಸಲಾಯಿತು. ಆರು ವಾರ ದಾಟಿ ಉಳಿದ ಗರ್ಭಗಳಲ್ಲಿ ಶೇಕಡಾ 84ರಷ್ಟು, ಅಂಡ ಬಿಡುಗಡೆಯಾದ 8, 9 ಅಥವಾ 10ನೇ ದಿನ ಅಂಟಿದ್ದವು. ತಡವಾದಷ್ಟೂ ಗರ್ಭ ಕಳೆದುಹೋಗುವ ಪ್ರಮಾಣ ಏರುತ್ತಿತ್ತು. 9ನೇ ದಿನದೊಳಗೆ ಅಂಟಿದವುಗಳಲ್ಲಿ ಶೇಕಡಾ 13 ಮಾತ್ರ ಬೇಗನೆ ಹೋದವು. 10ನೇ ದಿನ ಅಂಟಿದವುಗಳಲ್ಲಿ ಅದು ಶೇಕಡಾ 26, 11ನೇ ದಿನಕ್ಕೆ 52, ಅದಕ್ಕೂ ತಡವಾದರೆ 82.

ಈಗ ಒಂದು ಲೆಕ್ಕ ಹಾಕೋಣ. ಒಬ್ಬಾಕೆಗೆ ಮಾರ್ಚ್ 1ರಂದು ಮುಟ್ಟು ಎಂದುಕೊಳ್ಳಿ. ಅಂಡ ಬಿಡುಗಡೆಯನ್ನು ಸೂಚಿಸುವ ಎಲ್‌ಎಚ್ ಪಟ್ಟಿಯಲ್ಲಿ 16ರ ಸಂಜೆ ಗಾಢ ಗೆರೆ ಮೂಡಿತು. ಆ ಗೆರೆ ಬಂದ ಒಂದು, ಒಂದೂವರೆ ದಿನದೊಳಗೆ ಅಂಡ ಹೊರಬರುವುದರಿಂದ 17ನೇ ತಾರೀಕು ಅಂಡ ಬಿಡುಗಡೆಯ ದಿನ. ಮುಂದಿನ ಮುಟ್ಟು 27ಕ್ಕೆ. ಒಟ್ಟು ಚಕ್ರ 26 ದಿನ, ಮೇಲ್ನೋಟಕ್ಕೆ ಯಾವ ತಕರಾರೂ ಇಲ್ಲ. ಆದರೆ 18ರಿಂದ 26ರವರೆಗೆ ಎಣಿಸಿದರೆ ಲ್ಯೂಟಿಯಲ್ ಹಂತ ಬರೀ 9 ದಿನ. ಅವಳ ಭ್ರೂಣ ಎಲ್ಲ ಸರಿಯಾಗಿ 9ನೇ ದಿನ, ಅಂದರೆ 26ರಂದು ಅಂಟಿತು ಎಂದುಕೊಂಡರೂ ಆ ಹೊತ್ತಿಗೆ ಹಳದಿ ಗ್ರಂಥಿ ಆಗಲೇ ಇಳಿಮುಖ. ಎಚ್‌ಸಿಜಿಯ ಮೊದಲ ಕಣಗಳು ಹೊರಟಿರುವಾಗಲೇ ಒಳಪದರ ಕಳಚಲು ಸಿದ್ಧ. 10ನೇ ದಿನ ಅಂಟಬೇಕಾದ ಭ್ರೂಣಕ್ಕಂತೂ ಮುಟ್ಟಿನ ದಿನವೇ ಎದುರಾಗುತ್ತದೆ. ಇಂಥ ಗರ್ಭ ಹೋದದ್ದು ಆ ಮಹಿಳೆಗೆ ಗೊತ್ತಾಗುವುದೂ ಇಲ್ಲ. ಮುಟ್ಟು ಬಂತು, ಈ ತಿಂಗಳೂ ಇಲ್ಲ ಎಂದಷ್ಟೇ ಅವಳು ತಿಳಿಯುತ್ತಾಳೆ.

ಇದೇ ಲೆಕ್ಕದಲ್ಲಿ ಇನ್ನೊಂದು ತೊಡಕೂ ಇದೆ. ‘21ನೇ ದಿನದ ಪ್ರೊಜೆಸ್ಟರಾನ್ ಟೆಸ್ಟ್’ ಎಂದು ಬರೆದುಕೊಡುವುದು ತುಂಬ ಕಡೆ ರೂಢಿ. ಆ ದಿನಾಂಕ 28 ದಿನದ ಚಕ್ರಕ್ಕೆ, 14ನೇ ದಿನ ಅಂಡ ಬಿಡುಗಡೆಯಾಗುವವರಿಗೆ ಸರಿ. ನಮ್ಮ ಉದಾಹರಣೆಯ ಮಹಿಳೆಗೆ 21ನೇ ದಿನ ಎಂದರೆ ಅಂಡ ಬಿಡುಗಡೆಯಾಗಿ ನಾಲ್ಕೇ ದಿನ. ಹಾರ್ಮೋನ್ ಇನ್ನೂ ಏರುತ್ತಿರುತ್ತದೆ. 35 ದಿನದ ಚಕ್ರದವರಿಗೆ ಅದು ಅಂಡ ಬಿಡುಗಡೆಯ ದಿನವೇ ಆಗಬಹುದು. ಕಡಿಮೆ ಬಂದ ಸಂಖ್ಯೆಯನ್ನು ಕಂಡು ಹೆದರುವ ಮೊದಲು ರಕ್ತ ಕೊಟ್ಟದ್ದು ಅಂಡ ಬಿಡುಗಡೆಯಾದ ಎಷ್ಟನೇ ದಿನ ಎಂದು ಕೇಳಬೇಕು. ಅಂಡ ಬಿಡುಗಡೆಯ ದಿನ ಗೊತ್ತಿದ್ದರೆ ಅಲ್ಲಿಂದ ಆರೇಳು ದಿನಕ್ಕೆ ಮಾಡಿಸುವ ಪರೀಕ್ಷೆಗೆ ಮಾತ್ರ ಅರ್ಥ.

ಹಾಗೆ ಮಾಡಿಸಿದರೂ ಆ ಒಂದು ಸಂಖ್ಯೆಯ ಮೇಲೆ ಎಲ್ಲ ಭಾರ ಹಾಕಲಾಗದು. ಪ್ರೊಜೆಸ್ಟರಾನ್ ಸಮನಾಗಿ ಹರಿಯುವುದಿಲ್ಲ, ಬಿಟ್ಟು ಬಿಟ್ಟು ಚಿಮ್ಮುತ್ತದೆ. ಆರೋಗ್ಯವಂತ ಮಹಿಳೆಯಲ್ಲೂ ಒಂದೂವರೆ ಗಂಟೆಯೊಳಗೆ ಅದರ ಮಟ್ಟ ಎಂಟು ಪಟ್ಟು ವ್ಯತ್ಯಾಸವಾಗಬಹುದು. ಅದು 3 ನ್ಯಾನೋಗ್ರಾಂ ದಾಟಿದ್ದರೆ ಅಂಡ ಬಿಡುಗಡೆಯಾಗಿದೆ ಎನ್ನಬಹುದು. ಗರ್ಭಕ್ಕೆ ಅಷ್ಟು ಸಾಕೋ ಸಾಲದೋ ಎಂದು ಅದು ಹೇಳುವುದಿಲ್ಲ. ಲ್ಯೂಟಿಯಲ್ ಹಂತದ ಕೊರತೆಯನ್ನು ಅಮೆರಿಕದ ವೈದ್ಯೆ ಜಾರ್ಜಿಯಾನಾ ಸೀಗರ್ ಜೋನ್ಸ್ 1949ರಲ್ಲೇ ವಿವರಿಸಿದ್ದರು. ಆಮೇಲೆ ದಶಕಗಟ್ಟಲೆ ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷಿಸುವ ಪದ್ಧತಿ ನಡೆಯಿತು. ಮಕ್ಕಳಾದವರಲ್ಲೂ ಆಗದವರಲ್ಲೂ ಆ ಪರೀಕ್ಷೆಯ ಫಲಿತಾಂಶ ಒಂದೇ ತರಹ ಬರುತ್ತದೆ ಎಂದು 2004ರ ಅಧ್ಯಯನ ತೋರಿಸಿದ ಮೇಲೆ ಅದರ ಬೆಲೆ ಇಳಿಯಿತು. ಹೀಗಾಗಿ ದಿನಗಳನ್ನು ಎಣಿಸುವ ಸರಳ ವಿಧಾನವೇ ಇವತ್ತಿಗೂ ಕೈಗೆ ಸಿಗುವ ಮುಖ್ಯ ಸುಳಿವು. ಇನ್ನೂ ನಿಖರವಾಗಿ ಬೇಕಿದ್ದರೆ ದಿನ ಬಿಟ್ಟು ದಿನ ಸ್ಕ್ಯಾನ್ ಮಾಡುವ ಫಾಲಿಕ್ಯುಲರ್ ಸ್ಟಡಿಯಲ್ಲಿ ಕೋಶ ಒಡೆದ ದಿನ ಗೊತ್ತಾಗುತ್ತದೆ.

ಹಳದಿ ಗ್ರಂಥಿ ಇಲ್ಲದೆ ಗರ್ಭ ಉಳಿಯದು ಎಂಬುದಕ್ಕೆ ಮಾತ್ರ ಗಟ್ಟಿ ಪುರಾವೆಯಿದೆ. 1970ರ ದಶಕದ ಆರಂಭದಲ್ಲಿ ಹಂಗೇರಿ ಮೂಲದ ವಿಜ್ಞಾನಿ ಆರ್ಪಾಡ್ ಚಾಪೋ, ಗರ್ಭಪಾತಕ್ಕೆಂದು ಬಂದಿದ್ದ ಮಹಿಳೆಯರಲ್ಲಿ ಶಸ್ತ್ರಚಿಕಿತ್ಸೆಯಿಂದ ಆ ಗ್ರಂಥಿಯನ್ನು ತೆಗೆದು ನೋಡಿದರು. ಏಳು ವಾರಕ್ಕೆ ಮೊದಲು ತೆಗೆದಾಗ ಗರ್ಭ ಹೋಯಿತು. ಹೊರಗಿನಿಂದ ಪ್ರೊಜೆಸ್ಟರಾನ್ ಕೊಟ್ಟರೆ ಉಳಿಯಿತು. ಅದಾದ ಮೇಲೆ ಮಾಸು ತಾನೇ ಪ್ರೊಜೆಸ್ಟರಾನ್ ತಯಾರಿಸತೊಡಗುತ್ತದೆ, ಗ್ರಂಥಿಯ ಹಂಗು ತೀರುತ್ತದೆ.

ಹಾಗೆಂದ ಮಾತ್ರಕ್ಕೆ ಲ್ಯೂಟಿಯಲ್ ಹಂತ ಚಿಕ್ಕದಿದ್ದವರಿಗೆಲ್ಲ ಗರ್ಭ ನಿಲ್ಲುವುದಿಲ್ಲ ಎನ್ನುವುದು ತಪ್ಪು. 30ರಿಂದ 44 ವಯಸ್ಸಿನ ಮಹಿಳೆಯರನ್ನು ಗಮನಿಸಿದ ಅಮೆರಿಕದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅಲ್ಲಿ ಸುಮಾರು ಶೇಕಡಾ 18ರಷ್ಟು ಚಕ್ರಗಳಲ್ಲಿ ಈ ಹಂತ ಚಿಕ್ಕದಾಗಿತ್ತು. ಅಂಥ ಚಕ್ರದ ಮರುತಿಂಗಳು ಗರ್ಭ ಕಟ್ಟುವ ಸಾಧ್ಯತೆ ಕೊಂಚ ಕಡಿಮೆಯಿತ್ತು. ಆದರೆ ವರ್ಷ ಮುಗಿಯುವ ಹೊತ್ತಿಗೆ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಉಳಿದಿರಲಿಲ್ಲ. ಒಂದು ತಿಂಗಳು ಹೀಗಾಗಿ ಮುಂದಿನ ತಿಂಗಳು ಸರಿಹೋಗುವುದೇ ಹೆಚ್ಚು. ಇನ್ನೊಂದು ಸಂದೇಹವನ್ನೂ ಮುಂದಿಡಬೇಕು. ತಡವಾಗಿ ಅಂಟುವ ಭ್ರೂಣ ಮೊದಲೇ ದುರ್ಬಲವಾಗಿರಬಹುದು. ವರ್ಣತಂತುಗಳಲ್ಲಿ ದೋಷವಿರುವ ಭ್ರೂಣ ಎಚ್‌ಸಿಜಿಯನ್ನು ಸಾಕಷ್ಟು ಕಳಿಸುವುದಿಲ್ಲ, ಅದರಿಂದಲೇ ಪ್ರೊಜೆಸ್ಟರಾನ್ ಇಳಿಯುತ್ತದೆ. ಆಗ ಕಡಿಮೆ ಪ್ರೊಜೆಸ್ಟರಾನ್ ಗರ್ಭ ಹೋದದ್ದರ ಕಾರಣವಲ್ಲ, ಪರಿಣಾಮ. ಚಿಕ್ಕ ಲ್ಯೂಟಿಯಲ್ ಹಂತ ‘ಕಷ್ಟವಾಗಿಸಬಹುದು’ ಎಂದು ವೈದ್ಯರು ಎಚ್ಚರದಿಂದ ಹೇಳುವುದು ಇದಕ್ಕೇ.

ತಿಂಗಳ ಮೇಲೆ ತಿಂಗಳು ಹೀಗೇ ಆಗುತ್ತಿದ್ದರೆ ಕಾರಣ ಹುಡುಕಬೇಕು. ಆ ಕಾರಣ ಬಹಳ ಸಲ ಚಕ್ರದ ಮೊದಲರ್ಧದಲ್ಲೇ ಇರುತ್ತದೆ. ಅಂಡಕೋಶ ಸರಿಯಾಗಿ ಬೆಳೆಯದಿದ್ದರೆ ಅದರಿಂದ ಹುಟ್ಟುವ ಹಳದಿ ಗ್ರಂಥಿಯೂ ಬಲಹೀನ. ಥೈರಾಯ್ಡ್ ಏರುಪೇರು, ಪ್ರೊಲ್ಯಾಕ್ಟಿನ್ ಹೆಚ್ಚಳ, ಊಟ ಕಡಿಮೆ ಮಾಡಿ ಅತಿಯಾಗಿ ಬೆವರು ಹರಿಸುವ ವ್ಯಾಯಾಮ, ಬೇಗ ಬೇಗ ತೂಕ ಇಳಿಸುವುದು, ಇವೆಲ್ಲ ಪಿಟ್ಯುಟರಿಯ ಸಂಕೇತಗಳನ್ನು ಕುಗ್ಗಿಸುತ್ತವೆ. ಎದೆಹಾಲುಣಿಸುವ ತಾಯಂದಿರಲ್ಲಿ ಮುಟ್ಟು ಮರಳಿದ ಮೊದಲ ಕೆಲವು ತಿಂಗಳು ಈ ಹಂತ ಚಿಕ್ಕದಿರುವುದು ಸಹಜ, ಅದಾಗಿ ಸರಿಹೋಗುತ್ತದೆ. ಮುಟ್ಟು ನಿಲ್ಲುವ ವಯಸ್ಸು ಸಮೀಪಿಸಿದಾಗಲೂ ಹೀಗಾಗುವುದುಂಟು. ಥೈರಾಯ್ಡ್ ಅಥವಾ ಪ್ರೊಲ್ಯಾಕ್ಟಿನ್ ತೊಂದರೆಯಿದ್ದರೆ ಅದಕ್ಕೇ ಚಿಕಿತ್ಸೆ ಕೊಟ್ಟರೆ ಚಕ್ರವೂ ಹಳಿಗೆ ಬರುತ್ತದೆ.

ಐವಿಎಫ್ ಚಿಕಿತ್ಸೆಯಲ್ಲಿ ಪ್ರೊಜೆಸ್ಟರಾನ್ ಕೊಡುವುದು ಅಗತ್ಯ. ಅಲ್ಲಿ ಬಳಸುವ ಔಷಧಗಳು ದೇಹದ ಸ್ವಂತ ಎಲ್‌ಎಚ್ ಅನ್ನು ಅಡಗಿಸಿರುತ್ತವೆ. ಸಹಜ ಚಕ್ರದಲ್ಲಿ ಮಾತ್ರ ಅದರ ಲಾಭ ಸಾಬೀತಾಗಿಲ್ಲ. ಕಾರಣ ತಿಳಿಯದೆ ಪದೇ ಪದೇ ಗರ್ಭಪಾತವಾದವರ ಮೇಲೆ ಬ್ರಿಟನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಪ್ರೊಜೆಸ್ಟರಾನಿನಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. 2019ರ ಇನ್ನೊಂದು ಪ್ರಯೋಗದಲ್ಲಿ, ಹಿಂದೆ ಗರ್ಭಪಾತವಾಗಿ ಈ ಸಲ ಆರಂಭದಲ್ಲೇ ರಕ್ತ ಕಂಡವರಿಗೆ ಅದು ನೆರವಾಗುವ ಸೂಚನೆ ಸಿಕ್ಕಿತು. ಅಂಡ ಬಿಡುಗಡೆಗೆ ಮೊದಲೇ ಮಾತ್ರೆ ಶುರುಮಾಡಿದರೆ ಅದು ಆ ಬಿಡುಗಡೆಯನ್ನೇ ತಡೆಯಬಹುದು. ಮಾತ್ರೆ ನಡೆಯುತ್ತಿರುವಾಗ ಮುಟ್ಟು ಮುಂದೆ ಹೋಗುವುದರಿಂದ ಗರ್ಭ ನಿಂತಿದೆ ಎಂಬ ಭ್ರಮೆಯೂ ಹುಟ್ಟುತ್ತದೆ.

ಆದ್ದರಿಂದ ಮೆಡಿಕಲ್ ಶಾಪಿನಿಂದ ನೀವಾಗಿಯೇ ಈ ಮಾತ್ರೆ ತಂದು ನುಂಗಬೇಡಿ. ಮೂರು ತಿಂಗಳು ಎರಡೇ ದಿನಾಂಕ ಬರೆದಿಡಿ: ಎಲ್‌ಎಚ್ ಪಟ್ಟಿಯಲ್ಲಿ ಗಾಢ ಗೆರೆ ಬಂದ ದಿನ ಮತ್ತು ಮುಟ್ಟು ಸರಿಯಾಗಿ ಹರಿಯಲು ತೊಡಗಿದ ದಿನ. ಮುಟ್ಟಿಗೆ ಮುಂಚೆ ಕಾಣುವ ಕಂದು ಕಲೆಯನ್ನು ಮೊದಲ ದಿನವೆಂದು ಎಣಿಸಬೇಡಿ, ಲೆಕ್ಕ ಸುಮ್ಮನೆ ಚಿಕ್ಕದಾಗುತ್ತದೆ. ಮೂರು ತಿಂಗಳೂ ನಡುವಿನ ಅಂತರ ಹತ್ತು ದಿನ ದಾಟದಿದ್ದರೆ ಆ ಚೀಟಿ ಹಿಡಿದು ಸ್ತ್ರೀರೋಗ ತಜ್ಞರ ಬಳಿ ಹೋಗಿ, ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ಪರೀಕ್ಷೆಯ ಬಗ್ಗೆ ಕೇಳಿ. ವಯಸ್ಸು 35 ದಾಟಿದ್ದು, ಪ್ರಯತ್ನ ಶುರುವಾಗಿ ಆರು ತಿಂಗಳಾಗಿದ್ದರೆ ಈ ಲೆಕ್ಕ ಮುಗಿಯುವವರೆಗೂ ಕಾಯಬೇಡಿ.